ಖಾತೆಯಿಂದ ದುಡ್ಡು ಕಟ್ ಆಯ್ತು, ಅವರಿಗೆ ತಲುಪಲಿಲ್ಲ: ಬ್ಯಾಂಕಿನಿಂದ ಹುಡುಕಿಸುವುದು ಹೇಗೆ?

"ನನ್ನ ಖಾತೆಯಿಂದ ದುಡ್ಡು ಹೋಗಿದೆ, ಅವರಿಗೆ ಬಂದಿಲ್ಲವಂತೆ. ಬ್ಯಾಂಕಿಗೆ ಹೋದರೆ ಆ್ಯಪ್‌ನವರನ್ನು ಕೇಳಿ ಅಂತಾರೆ, ಆ್ಯಪ್‌ನವರು ಬ್ಯಾಂಕನ್ನು ಕೇಳಿ ಅಂತಾರೆ. ಏನು ಮಾಡಲಿ?" ಓದುಗರಿಂದ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಇಲ್ಲಿ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಮುಖ್ಯವಾಗಿ ಯುಪಿಐ ಮತ್ತು ಐಎಂಪಿಎಸ್ ಬಗ್ಗೆ ಹೇಳುತ್ತೇನೆ, ಯಾಕಂದ್ರೆ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ನೆಫ್ಟ್‌ಗೆ ಸ್ವಲ್ಪ ಬೇರೆ ನಿಯಮ ಇದೆ, ಅದನ್ನು ಕೊನೆಯ ಹತ್ತಿರ ಹೇಳುತ್ತೇನೆ.

ಸುಲಭವಾಗಲಿ ಅಂತ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಹಾಸನದಲ್ಲಿ ಒಬ್ಬ ತಾಯಿ. ಮಗಳು ಧಾರವಾಡದಲ್ಲಿ ಓದುತ್ತಿದ್ದಾಳೆ. 2025ರ ಮಾರ್ಚ್ 3, ಸೋಮವಾರ ರಾತ್ರಿ 8:40ಕ್ಕೆ ತಾಯಿ ಫೋನಿನಿಂದ ಮಗಳ ಖಾತೆಗೆ ₹18,500 ಕಳಿಸಿದರು. ಪಿಜಿ ಬಾಡಿಗೆ, ಮೆಸ್ಸು, ಪರೀಕ್ಷೆ ಶುಲ್ಕ ಎಲ್ಲ ಸೇರಿ. ಚಕ್ರ ತಿರುಗಿತು, ತಿರುಗಿತು, ಕೊನೆಗೆ "ಪೆಂಡಿಂಗ್" ಅಂತ ನಿಂತಿತು. ತಾಯಿಯ ಫೋನಿಗೆ ದುಡ್ಡು ಕಡಿತವಾದ ಮೆಸೇಜ್ ಬಂತು. ಮಗಳಿಗೆ ಏನೂ ಬರಲಿಲ್ಲ.

ಈ ದುಡ್ಡು ಎಲ್ಲಿ ನಿಂತಿರುತ್ತದೆ?

ಇದು ಗೊತ್ತಿದ್ದರೆ ಯಾರನ್ನು ಏನು ಕೇಳಬೇಕು ಅನ್ನುವುದು ತಾನಾಗಿಯೇ ಹೊಳೆಯುತ್ತದೆ.

ನೀವು ಪಿನ್ ಒತ್ತಿದ ಕೂಡಲೇ ಮೊದಲು ನಿಮ್ಮ ಬ್ಯಾಂಕ್ ನಿಮ್ಮ ಖಾತೆಯಿಂದ ದುಡ್ಡು ಕಳೆಯುತ್ತದೆ. ಆಮೇಲೆ ಎನ್‌ಪಿಸಿಐ, ಅಂದ್ರೆ ಯುಪಿಐ ಮತ್ತು ಐಎಂಪಿಎಸ್ ನಡೆಸುವ ಸಂಸ್ಥೆ, ದುಡ್ಡು ಪಡೆಯುವವರ ಬ್ಯಾಂಕಿಗೆ "ಈ ಖಾತೆಗೆ ಇಷ್ಟು ಜಮಾ ಮಾಡಿ" ಅಂತ ಸಂದೇಶ ಕಳಿಸುತ್ತದೆ. ಆ ಬ್ಯಾಂಕ್ "ಆಯ್ತು" ಅಂದರೆ ಸರಿ. "ಆಗಲ್ಲ" ಅಂದರೂ ಸರಿ, ದುಡ್ಡು ಅಲ್ಲಿಂದಲೇ ವಾಪಸ್ ತಿರುಗುತ್ತದೆ. ತೊಂದರೆ ಆಗುವುದು ಆ ಬ್ಯಾಂಕ್ ಏನೂ ಹೇಳದೆ ಸುಮ್ಮನಿದ್ದಾಗ. ಸರ್ವರ್ ನಿಧಾನ ಇರಬಹುದು, ಲೈನ್ ಕಡಿದಿರಬಹುದು. ಜಮಾ ಆಯಿತೋ ಇಲ್ಲವೋ ಅನ್ನುವುದು ಆ ಕ್ಷಣಕ್ಕೆ ಯಾರಿಗೂ ಗೊತ್ತಿರುವುದಿಲ್ಲ.

ಇಂಥ ವ್ಯವಹಾರವನ್ನು ಬ್ಯಾಂಕಿನವರು "ಡೀಮ್ಡ್" ಅನ್ನುತ್ತಾರೆ. ಆಗಿದೆ ಎಂದು ಸದ್ಯಕ್ಕೆ ಭಾವಿಸಿದ್ದು ಎಂದರ್ಥ. ಆಮೇಲೆ ಪಡೆಯುವ ಬ್ಯಾಂಕು ತನ್ನ ಲೆಕ್ಕ ತಾಳೆ ನೋಡುತ್ತದೆ. ಜಮಾ ಆಗಿದ್ದರೆ ಆಗಿದೆ ಎಂದು ಖಚಿತಪಡಿಸಬೇಕು. ಆಗಿಲ್ಲದಿದ್ದರೆ ಈಗ ಜಮಾ ಮಾಡಬೇಕು, ಅಥವಾ ದುಡ್ಡನ್ನು ನಿಮ್ಮ ಬ್ಯಾಂಕಿಗೆ ವಾಪಸ್ ಕಳಿಸಬೇಕು.

ಇದರಿಂದ ಎರಡು ವಿಷಯ ತಿಳಿದುಕೊಳ್ಳಿ. ದುಡ್ಡು ಆ್ಯಪ್‌ನ ಹತ್ತಿರ ಇರುವುದಿಲ್ಲ. ಆ್ಯಪ್ ಬರೀ ಸಂದೇಶ ಒಯ್ಯುವ ಬಾಗಿಲು. ಮತ್ತೆ, ಉತ್ತರ ಇರುವುದು ಪಡೆಯುವವರ ಬ್ಯಾಂಕಿನಲ್ಲಿ, ಆದರೆ ನೀವು ಆ ಬ್ಯಾಂಕಿನ ಗ್ರಾಹಕರಲ್ಲ. ಹಾಗಾಗಿ ನೀವು ಕೇಳಬೇಕಾದ್ದು ನಿಮ್ಮ ಬ್ಯಾಂಕನ್ನೇ. ಅವರ ಬ್ಯಾಂಕನ್ನು ನಿಮ್ಮ ಬ್ಯಾಂಕ್ ಕೇಳಬೇಕು.

ಹಂತ 1: ಆ್ಯಪ್ ಬಿಟ್ಟು ಸ್ಟೇಟ್‌ಮೆಂಟ್ ನೋಡಿ

ಮೊದಲು ನಿಮ್ಮ ಬ್ಯಾಂಕಿನ ಸ್ಟೇಟ್‌ಮೆಂಟ್ ತೆಗೆಯಿರಿ. ನೆಟ್ ಬ್ಯಾಂಕಿಂಗ್ ಇಲ್ಲದಿದ್ದರೆ ಪಾಸ್‌ಬುಕ್ ಎಂಟ್ರಿ ಹಾಕಿಸಿ. ಕಡಿತವಾದ ಸಾಲು ಹುಡುಕಿ. ಬ್ಯಾಂಕಿನಿಂದ ಬ್ಯಾಂಕಿಗೆ ಬರೆಯುವ ರೀತಿ ಬೇರೆ ಇರುತ್ತದೆ, ಆದರೆ ಸುಮಾರು ಹೀಗೆ ಕಾಣುತ್ತದೆ:

```
03-03-2025  UPI/DR/506241238765/...   18,500.00
```

ನಡುವೆ ಇರುವ 12 ಅಂಕಿಯ ಸಂಖ್ಯೆಯೇ ನಿಮ್ಮ ಹಿಡಿತ. ಇದನ್ನು ಆರ್‌ಆರ್‌ಎನ್ ಅನ್ನುತ್ತಾರೆ. ಕೆಲವು ಆ್ಯಪ್‌ಗಳಲ್ಲಿ "ಯುಪಿಐ ರೆಫರೆನ್ಸ್ ನಂಬರ್" ಅಂತಲೂ ಕೆಲವದರಲ್ಲಿ "ಯುಟಿಆರ್" ಅಂತಲೂ ಇರುತ್ತದೆ. ಹೆಸರು ಏನೇ ಇರಲಿ, 12 ಅಂಕಿ ಇದೆಯಾ ನೋಡಿ. ಆ್ಯಪ್‌ಗಳು ತಮ್ಮದೇ ಇನ್ನೊಂದು ಉದ್ದನೆಯ ಐಡಿ ಕೂಡ ತೋರಿಸುತ್ತವೆ, ಅಕ್ಷರ ಅಂಕಿ ಬೆರೆತದ್ದು. ಅದು ಆ್ಯಪ್‌ನವರಿಗೆ ಉಪಯೋಗಕ್ಕೆ ಬರುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಅದನ್ನು ಕೊಟ್ಟರೆ ಹುಡುಕುವುದು ಕಷ್ಟ. ಎಷ್ಟೋ ದೂರುಗಳು "ಇಂಥ ವ್ಯವಹಾರ ಸಿಕ್ಕಿಲ್ಲ" ಅಂತ ಮುಚ್ಚಿಹೋಗುವುದು ಈ ತಪ್ಪಿನಿಂದಲೇ.

ಈ ಸಂಖ್ಯೆಯನ್ನು ಕಾಗದದ ಮೇಲೆ ಬರೆದುಕೊಳ್ಳಿ. ಒಂದೊಂದು ಅಂಕಿಯನ್ನೂ ಎರಡು ಸಲ ತಾಳೆ ನೋಡಿ.

ಆಮೇಲೆ ಅದೇ ಸ್ಟೇಟ್‌ಮೆಂಟ್‌ನಲ್ಲಿ ಕೆಳಗೆ ಇವತ್ತಿನ ತನಕ ಓದಿ. ಅಷ್ಟೇ ಮೊತ್ತ ವಾಪಸ್ ಜಮಾ ಆಗಿದೆಯಾ? ಇದನ್ನು ರಿವರ್ಸಲ್ ಅನ್ನುತ್ತಾರೆ. ದುಡ್ಡು ವಾಪಸ್ ಬಂದಾಗ ಕೆಲವೊಮ್ಮೆ ಮೆಸೇಜ್ ಬರುವುದಿಲ್ಲ. ದುಡ್ಡು ಮೂರು ದಿನದ ಹಿಂದೆಯೇ ಖಾತೆಯಲ್ಲಿದ್ದರೂ ಬ್ಯಾಂಕಿಗೆ ಓಡಾಡಿದವರು ಇದ್ದಾರೆ.

ಹಂತ 2: ನಿಜವಾಗಿಯೂ ತಲುಪಿಲ್ಲವಾ?

ಇದು ಮುಖ್ಯ. ಪಡೆಯುವವರು "ಮೆಸೇಜ್ ಬಂದಿಲ್ಲ" ಅನ್ನುವುದು ಬೇರೆ, "ದುಡ್ಡು ಬಂದಿಲ್ಲ" ಅನ್ನುವುದು ಬೇರೆ. ಅವರೂ ತಮ್ಮ ಸ್ಟೇಟ್‌ಮೆಂಟ್ ತೆಗೆದು ಅದೇ 12 ಅಂಕಿಯ ಸಂಖ್ಯೆ ಹುಡುಕಬೇಕು.

ಅದಕ್ಕಿಂತ ಮೊದಲು, ಯಾವ ಖಾತೆಯ ಸ್ಟೇಟ್‌ಮೆಂಟ್ ಅನ್ನುವ ಪ್ರಶ್ನೆ ಇದೆ. ನೀವು ಫೋನ್ ನಂಬರಿಗೆ ಅಥವಾ ಯುಪಿಐ ಐಡಿಗೆ ಕಳಿಸಿದಾಗ ದುಡ್ಡು ಹೋಗುವುದು ಆ ಐಡಿಗೆ ಜೋಡಿಸಿರುವ ಖಾತೆಗೆ. ನಮ್ಮ ಉದಾಹರಣೆಯ ಮಗಳಿಗೆ ಎರಡು ಖಾತೆ ಇವೆ ಅಂದುಕೊಳ್ಳಿ. ಒಂದು ಊರಿನಲ್ಲಿ ಸ್ಕಾಲರ್‌ಶಿಪ್‌ಗೆ ಅಂತ ತೆರೆದದ್ದು, ಇನ್ನೊಂದು ಧಾರವಾಡದಲ್ಲಿ ಕಾಲೇಜು ಸೇರಿದಾಗ ತೆರೆದದ್ದು. ಅವಳು ದಿನಾ ನೋಡುವುದು ಧಾರವಾಡದ್ದು. ಆ್ಯಪ್‌ನಲ್ಲಿ ದುಡ್ಡು ಪಡೆಯಲು ಗುರುತಿಸಿರುವ ಮುಖ್ಯ ಖಾತೆ ಊರಿನದ್ದು ಆಗಿದ್ದರೆ ದುಡ್ಡು ಅಲ್ಲಿ ಹೋಗಿ ಕೂತಿರುತ್ತದೆ. ಹಾಗಾಗಿ ಆ್ಯಪ್‌ನಲ್ಲಿ ಬ್ಯಾಂಕ್ ಖಾತೆಗಳ ಪಟ್ಟಿ ತೆರೆದು, ಮುಖ್ಯ ಖಾತೆ ಯಾವುದು ಅಂತ ಅವರಿಂದಲೇ ನೋಡಿಸಿ.

ಇನ್ನೊಂದು: ನೀವೇ ತಪ್ಪು ನಂಬರಿಗೆ ಕಳಿಸಿಲ್ಲ ತಾನೆ? ಆ್ಯಪ್‌ನಲ್ಲಿ ಕಳಿಸಿದ ಹೆಸರು, ಐಡಿ ಮತ್ತೆ ನೋಡಿ. ಬೇರೆಯವರಿಗೆ ಸರಿಯಾಗಿ ಜಮಾ ಆಗಿದ್ದರೆ ಅದು ಫೇಲ್ ಆದ ವ್ಯವಹಾರ ಅಲ್ಲ. ಮುಂದೆ ಹೇಳುವ ಗಡುವು, ಪರಿಹಾರ ಯಾವುದೂ ಅದಕ್ಕೆ ಅನ್ವಯಿಸುವುದಿಲ್ಲ. ಆಗಲೂ ನಿಮ್ಮ ಬ್ಯಾಂಕಿಗೆ ಕೂಡಲೇ ದೂರು ಕೊಡಬೇಕು. ಆದರೆ ಪಡೆದವರ ಒಪ್ಪಿಗೆ ಇಲ್ಲದೆ ಅವರ ಬ್ಯಾಂಕು ದುಡ್ಡು ವಾಪಸ್ ಕೊಡಲಾರದು.

ಹಂತ 3: ಎಷ್ಟು ದಿನ ಕಾಯಬೇಕು?

ಇದಕ್ಕೆ ಲಿಖಿತ ನಿಯಮ ಇದೆ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಒಂದು ಸುತ್ತೋಲೆ ಹೊರಡಿಸಿತು. ಅದು ಅದೇ ವರ್ಷದ ಅಕ್ಟೋಬರ್ 15ರಿಂದ ಜಾರಿಯಲ್ಲಿದೆ. ಅದರ ಪ್ರಕಾರ, ಯುಪಿಐ ಅಥವಾ ಐಎಂಪಿಎಸ್‌ನಲ್ಲಿ ಒಬ್ಬರಿಂದ ಒಬ್ಬರಿಗೆ ಕಳಿಸಿದ ದುಡ್ಡು ಕಡಿತವಾಗಿ ಜಮಾ ಆಗದೆ ಹೋದರೆ, ಪಡೆಯುವ ಬ್ಯಾಂಕು ಅದನ್ನು ತಾನಾಗಿಯೇ ವಾಪಸ್ ಕಳಿಸಬೇಕು. ಗಡುವು "ಟಿ+1". ಟಿ ಅಂದ್ರೆ ವ್ಯವಹಾರ ನಡೆದ ದಿನ, ಅದರ ಮಾರನೆಯ ದಿನದೊಳಗೆ ವಾಪಸ್ ಆಗಬೇಕು ಅಂತ ಅರ್ಥ. ಇಲ್ಲಿ ದಿನ ಅಂದರೆ ಕ್ಯಾಲೆಂಡರ್ ದಿನ. ಭಾನುವಾರ, ಹಬ್ಬದ ರಜೆ ಎಲ್ಲವೂ ಎಣಿಕೆಗೆ ಬರುತ್ತದೆ. "ನಡುವೆ ರಜೆ ಇತ್ತಲ್ಲ" ಅನ್ನುವ ಮಾತಿಗೆ ಇಲ್ಲಿ ಜಾಗ ಇಲ್ಲ.

ಅಂಗಡಿಗೆ, ವ್ಯಾಪಾರಿಗೆ ಯುಪಿಐನಲ್ಲಿ ಕೊಟ್ಟದ್ದಾದರೆ ಗಡುವು ಟಿ+5, ಅಂದರೆ ಐದು ದಿನ.

ನಮ್ಮ ತಾಯಿ ಮಗಳಿಗೆ ಕಳಿಸಿದ್ದು ಮಾರ್ಚ್ 3ಕ್ಕೆ. ಹಾಗಾದರೆ ಮಾರ್ಚ್ 4ರ ಒಳಗೆ ದುಡ್ಡು ಮಗಳಿಗೆ ಜಮಾ ಆಗಿರಬೇಕು, ಇಲ್ಲವೇ ತಾಯಿಗೆ ವಾಪಸ್ ಬಂದಿರಬೇಕು. ಮಾರ್ಚ್ 5ರ ಬೆಳಿಗ್ಗೆಯಿಂದ ದೂರು ಕೊಡುವ ಸಮಯ ಶುರು.

ಈ ಕಾಯುವ ಹೊತ್ತಿನಲ್ಲಿ ಜನ ಮಾಡುವ ದೊಡ್ಡ ತಪ್ಪು, ಮತ್ತೆ ಕಳಿಸುವುದು. "ಪೆಂಡಿಂಗ್" ಅಂತ ಇರುವಾಗ ಮೊದಲಿನದ್ದು ಯಾವ ಗಳಿಗೆಯಲ್ಲೂ ಜಮಾ ಆಗಬಹುದು. ಆಗ ಎರಡೂ ಹೋಗಿರುತ್ತವೆ. ಮಗಳಿಗಾದರೆ ಚಿಂತೆ ಇಲ್ಲ, ವಾಪಸ್ ಕೊಡುತ್ತಾಳೆ. ಪರಿಚಯ ಇಲ್ಲದವರಿಗೆ ಎರಡು ಸಲ ಹೋದರೆ ವಾಪಸ್ ಕೇಳುವುದೇ ಇನ್ನೊಂದು ದೊಡ್ಡ ಕೆಲಸ ಆಗುತ್ತದೆ. ತೀರಾ ಅರ್ಜೆಂಟ್ ಇದ್ದರೆ, ಎರಡೂ ತಲುಪಬಹುದು ಅಂತ ಪಡೆಯುವವರಿಗೆ ಮೊದಲೇ ಮೆಸೇಜ್ ಹಾಕಿ ಆಮೇಲೆ ಕಳಿಸಿ. ಆ ಮೆಸೇಜ್ ನಿಮಗೆ ಸಾಕ್ಷಿಯಾಗಿ ಉಳಿಯುತ್ತದೆ.

ಹಂತ 4: ಆ್ಯಪ್‌ನಲ್ಲಿ ದೂರು ಹಾಕಿ, ಆದರೆ ಅಲ್ಲೇ ನಿಲ್ಲಬೇಡಿ

ಆ್ಯಪ್‌ನ ಹಿಸ್ಟರಿಯಲ್ಲಿ ಆ ವ್ಯವಹಾರವನ್ನೇ ತೆರೆಯಿರಿ. ಅದರ ಕೆಳಗೆ ಸಹಾಯ ಅಥವಾ ಡಿಸ್ಪ್ಯೂಟ್ ಎಂಬ ಆಯ್ಕೆ ಇರುತ್ತದೆ. ಡಿಸ್ಪ್ಯೂಟ್ ಅಂದರೆ ತಕರಾರು ದಾಖಲಿಸುವುದು. "ದುಡ್ಡು ಕಡಿತ ಆಗಿದೆ, ಪಡೆಯುವವರಿಗೆ ತಲುಪಿಲ್ಲ" ಅನ್ನುವ ಕಾರಣ ಆರಿಸಿ. ನೆನಪಿರಲಿ, ಮುಖ್ಯ ಮೆನುವಿನ ಸಾಮಾನ್ಯ ಸಹಾಯ ಪುಟಕ್ಕೆ ಹೋಗಿ ಕತೆ ಬರೆದರೆ ಅದು ಆ ವ್ಯವಹಾರಕ್ಕೆ ಜೋಡಣೆ ಆಗದೇ ಹೋಗಬಹುದು. ವ್ಯವಹಾರದ ಒಳಗಿನಿಂದಲೇ ಹಾಕಿ.

ದೂರಿನ ಸಂಖ್ಯೆ ಬರುತ್ತದೆ. ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. "ಪೆಂಡಿಂಗ್" ಅಂತ ತೋರಿಸುವ ಪುಟದ್ದೂ ತೆಗೆಯಿರಿ, ದಿನಾಂಕ ಮತ್ತು ಹೊತ್ತು ಕಾಣುವ ಹಾಗೆ. ಎರಡು ದಿನ ಬಿಟ್ಟು ಅದೇ ಪುಟ "ಸಕ್ಸಸ್" ಅಂತ ಬದಲಾಗಬಹುದು, ಆಗ ಹಳೆಯದ್ದು ಬೇಕಾಗುತ್ತದೆ.

ಇಲ್ಲೊಂದು ಎಚ್ಚರಿಕೆ. ಇದನ್ನು ದಯವಿಟ್ಟು ಮನೆಯ ಹಿರಿಯರಿಗೂ ಹೇಳಿ. ಕಸ್ಟಮರ್ ಕೇರ್ ನಂಬರನ್ನು ಇಂಟರ್ನೆಟ್‌ನಲ್ಲಿ ಹುಡುಕಬೇಡಿ. ಹುಡುಕಿದಾಗ ಮೇಲೆ ಬರುವ ನಂಬರುಗಳಲ್ಲಿ ಮೋಸಗಾರರದ್ದೂ ಇರುತ್ತವೆ. ದುಡ್ಡು ಸಿಕ್ಕಿಹಾಕಿಕೊಂಡು ಗಾಬರಿಯಲ್ಲಿರುವವರಿಗಾಗಿಯೇ ಅವರು ಕಾಯುತ್ತಿರುತ್ತಾರೆ. ನಂಬರ್ ಬೇಕಾದರೆ ನಿಮ್ಮ ಡೆಬಿಟ್ ಕಾರ್ಡಿನ ಹಿಂಬದಿ, ಪಾಸ್‌ಬುಕ್ ಅಥವಾ ಆ್ಯಪ್‌ನ ಒಳಗೆ ನೋಡಿ. ರೀಫಂಡ್ ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಪಿನ್ ಒತ್ತಿ ಅಂದರೆ, ಸ್ಕ್ರೀನ್ ತೋರಿಸುವ ಆ್ಯಪ್ ಹಾಕಿಕೊಳ್ಳಿ ಅಂದರೆ, ಫೋನ್ ಇಟ್ಟುಬಿಡಿ. ಆಗಲೇ ಮೋಸ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಹಂತ 5: ಬ್ಯಾಂಕಿಗೆ ಬರೆದು ಕೊಡಿ

ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿ ಬಂದದ್ದು ದೂರು ಆಗುವುದಿಲ್ಲ. ಮುಂದೆ ಎಲ್ಲಿಗೆ ಹೋದರೂ ಮೊದಲು ಕೇಳುವುದು "ಬ್ಯಾಂಕಿಗೆ ಯಾವಾಗ ಬರೆದುಕೊಟ್ಟಿರಿ, ತೋರಿಸಿ" ಅಂತಲೇ. ಹಾಗಾಗಿ ಬರಹದಲ್ಲಿ ಕೊಡಿ. ಶಾಖೆಗೆ ಹೋಗಿ ಅರ್ಜಿ ಕೊಡಬಹುದು, ಬ್ಯಾಂಕಿನ ವೆಬ್‌ಸೈಟ್‌ನ ದೂರು ಪುಟದಲ್ಲೂ ಹಾಕಬಹುದು, ಇಮೇಲ್ ಕೂಡ ಮಾಡಬಹುದು. ಎರಡು ಕಡೆ ಕೊಟ್ಟರೂ ತಪ್ಪಿಲ್ಲ.

ಅರ್ಜಿಯಲ್ಲಿ "ನನ್ನ ದುಡ್ಡು ಬಂದಿಲ್ಲ, ದಯವಿಟ್ಟು ಸಹಾಯ ಮಾಡಿ" ಅಂತ ಮಾತ್ರ ಬರೆದರೆ ಬರುವ ಉತ್ತರವೂ ಅಷ್ಟೇ ಚಿಕ್ಕದಾಗಿರುತ್ತದೆ: "ನಿಮ್ಮ ವ್ಯವಹಾರ ಯಶಸ್ವಿಯಾಗಿದೆ." ಹೌದು ಅಥವಾ ಇಲ್ಲ ಅಂತ ಖಚಿತವಾಗಿ ಹೇಳಲೇಬೇಕಾದ ಪ್ರಶ್ನೆ ಕೇಳಿ. ನಮ್ಮ ತಾಯಿಯ ಅರ್ಜಿ ಹೀಗಿರಬಹುದು:

> ಶಾಖಾ ವ್ಯವಸ್ಥಾಪಕರಿಗೆ,
>
> ವಿಷಯ: ಯುಪಿಐ ಮೂಲಕ ಕಡಿತವಾಗಿ ಜಮಾ ಆಗದ ₹18,500 ಕುರಿತು ದೂರು
>
> ನನ್ನ ಉಳಿತಾಯ ಖಾತೆಯಿಂದ (ಕೊನೆಯ ನಾಲ್ಕು ಅಂಕಿ ….) 03-03-2025ರಂದು ರಾತ್ರಿ 8:40ಕ್ಕೆ ₹18,500 ಕಡಿತವಾಗಿದೆ. ರೆಫರೆನ್ಸ್ ಸಂಖ್ಯೆ 506241238765. ಪಡೆಯುವವರ ಯುಪಿಐ ಐಡಿ …., ಬ್ಯಾಂಕ್ …. ಈ ದಿನದವರೆಗೆ ಮೊತ್ತ ಅವರಿಗೆ ಜಮಾ ಆಗಿಲ್ಲ, ನನಗೆ ವಾಪಸ್ಸೂ ಬಂದಿಲ್ಲ. ಎರಡೂ ಖಾತೆಗಳ ಸ್ಟೇಟ್‌ಮೆಂಟ್ ಲಗತ್ತಿಸಿದ್ದೇನೆ.
>
> ದಯವಿಟ್ಟು ಪಡೆಯುವ ಬ್ಯಾಂಕಿನಿಂದ ವಿಚಾರಿಸಿ ಕೆಳಗಿನವನ್ನು ಬರಹದಲ್ಲಿ ತಿಳಿಸಿ.
>
> ಒಂದು, ಮೊತ್ತ ಜಮಾ ಆಗಿದೆಯೇ? ಆಗಿದ್ದರೆ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಖಾತೆಗೆ (ಕೊನೆಯ ನಾಲ್ಕು ಅಂಕಿ)?
>
> ಎರಡು, ಜಮಾ ಆಗಿಲ್ಲದಿದ್ದರೆ ನನ್ನ ಖಾತೆಗೆ ಯಾವ ದಿನ ವಾಪಸ್ ಬರುತ್ತದೆ?
>
> ಮೂರು, ರಿಸರ್ವ್ ಬ್ಯಾಂಕಿನ 20-09-2019ರ ಸುತ್ತೋಲೆಯಂತೆ ಟಿ+1 ಮೀರಿದ ದಿನಗಳಿಗೆ ದಿನಕ್ಕೆ ₹100ರಂತೆ ಪರಿಹಾರ ಜಮಾ ಮಾಡಿ.

ಕೆಳಗೆ ಸಹಿ, ದಿನಾಂಕ, ಫೋನ್ ನಂಬರ್. ಅಷ್ಟೇ ಸಾಕು. ಬ್ಯಾಂಕಿಗೆ ಎಷ್ಟು ಸಲ ಓಡಾಡಿದಿರಿ, ಮಗಳಿಗೆ ಎಷ್ಟು ತೊಂದರೆ ಆಯಿತು ಅನ್ನುವುದನ್ನು ಈ ಕಾಗದದಲ್ಲಿ ಬರೆಯಬೇಡಿ. ಓದುವವರಿಗೆ ಸಂಖ್ಯೆ ಕಣ್ಣಿಗೆ ಬೀಳಬೇಕು.

ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಶಾಖೆಯ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಸೀಲು ಹಾಕಲು ಹಿಂದೆಮುಂದೆ ನೋಡಿದರೆ ಜಗಳ ಬೇಡ. ಹೊರಗೆ ಬಂದು ಅದೇ ಕಾಗದದ ಫೋಟೋ ತೆಗೆದು ಶಾಖೆಯ ಇಮೇಲ್‌ಗೆ ಕಳಿಸಿ, ಇಲ್ಲವೇ ವೆಬ್‌ಸೈಟ್‌ನಲ್ಲಿ ದೂರು ಹಾಕಿ ಸಂಖ್ಯೆ ಪಡೆಯಿರಿ. ದಿನಾಂಕದ ದಾಖಲೆ ಸಿಕ್ಕರೆ ಸಾಕು.

"ಆ್ಯಪ್‌ನವರನ್ನು ಕೇಳಿ" ಅಂದರೆ ಹೀಗೆ ಹೇಳಿ: "ದುಡ್ಡು ಕಡಿತವಾಗಿರುವುದು ನಿಮ್ಮಲ್ಲಿರುವ ನನ್ನ ಖಾತೆಯಿಂದ. ಆ್ಯಪ್‌ನಲ್ಲೂ ದೂರು ಕೊಟ್ಟಿದ್ದೇನೆ, ಇದು ಅದರ ಸಂಖ್ಯೆ. ನಿಮ್ಮಲ್ಲಿಯೂ ದಾಖಲಿಸಿಕೊಳ್ಳಿ." ಸಮಾಧಾನವಾಗಿ ಹೇಳಿದರೆ ಸಾಮಾನ್ಯವಾಗಿ ತೆಗೆದುಕೊಳ್ಳುತ್ತಾರೆ. ಕೌಂಟರಿನಲ್ಲಿ ಕೂತವರು ಆ ದುಡ್ಡನ್ನು ತಾವೇ ವಾಪಸ್ ಮಾಡಲಾರರು. ಅವರು ನಿಮ್ಮ ದೂರನ್ನು ತಮ್ಮ ಬ್ಯಾಂಕಿನ ಲೆಕ್ಕ ತಾಳೆ ನೋಡುವ ವಿಭಾಗಕ್ಕೆ ಕಳಿಸಬೇಕು, ಆ ಕೆಲಸಕ್ಕೆ ಬೇಕಾದ ಎಲ್ಲವೂ ನಿಮ್ಮ ಕಾಗದದಲ್ಲಿ ಇರಬೇಕು.

ಅದೇ ದಿನ ಮಗಳೂ ತನ್ನ ಬ್ಯಾಂಕಿಗೆ ಹೋಗಿ ಅದೇ 12 ಅಂಕಿಯ ಸಂಖ್ಯೆ ಕೊಟ್ಟು "ಈ ಮೊತ್ತ ನನಗೆ ಬರಬೇಕಿತ್ತು, ನಿಮ್ಮಲ್ಲಿ ನಿಂತಿದೆಯಾ?" ಅಂತ ಕೇಳಲಿ. ಅವಳು ಅಲ್ಲಿನ ಗ್ರಾಹಕಿ, ಅವಳಿಗೆ ಉತ್ತರ ಕೊಡಲೇಬೇಕು. ಎರಡು ಕಡೆಯಿಂದ ಕೇಳಿದರೆ ಕೆಲಸ ಬೇಗ ಆಗುತ್ತದೆ ಅನ್ನುವುದು ನಾನು ಕಂಡುಕೊಂಡಿದ್ದು.

ಹಂತ 6: ಬಂದ ಉತ್ತರವನ್ನು ಓದುವುದು

"ವ್ಯವಹಾರ ನಮ್ಮ ಕಡೆಯಿಂದ ಯಶಸ್ವಿಯಾಗಿದೆ." ಅತಿ ಹೆಚ್ಚು ಬರುವ ಉತ್ತರ ಇದು. ಗಮನಿಸಿ, "ನಮ್ಮ ಕಡೆಯಿಂದ" ಅಂತ ಇದೆ. ಕಡಿತ ಸರಿಯಾಗಿ ಆಗಿದೆ ಅಂತ ಹೇಳುತ್ತಿದ್ದಾರೆ, ಜಮಾ ಆಗಿದೆ ಅಂತ ಅಲ್ಲ. ಇದನ್ನು ಒಪ್ಪಿಕೊಂಡು ಸುಮ್ಮನಾಗಬೇಡಿ. ಅದೇ ದೂರಿನ ಸಂಖ್ಯೆ ಹಾಕಿ ಮತ್ತೆ ಬರೆಯಿರಿ: "ಪಡೆಯುವ ಬ್ಯಾಂಕು ಜಮಾ ಮಾಡಿರುವುದಾಗಿ ಖಚಿತಪಡಿಸಿದೆಯೇ? ಯಾವ ದಿನ, ಯಾವ ಖಾತೆಗೆ?"

"ಪಡೆಯುವವರ ಖಾತೆಗೆ ಜಮಾ ಆಗಿದೆ" ಅಂತ ದಿನಾಂಕ ಸಮೇತ ಬಂದರೆ ಮತ್ತೆ ಹಂತ 2ಕ್ಕೆ ಹೋಗಿ. ಬೇರೆ ಖಾತೆಯೇ? ಅಥವಾ ತಡವಾಗಿ ಜಮಾ ಆಯಿತೇ? ಇಷ್ಟಾದರೂ ಅವರ ಸ್ಟೇಟ್‌ಮೆಂಟ್‌ನಲ್ಲಿ ಇಲ್ಲ ಅಂದರೆ, ಆ ಉತ್ತರದ ಪ್ರತಿ ಹಿಡಿದು ಅವರೇ ತಮ್ಮ ಬ್ಯಾಂಕಿನಲ್ಲಿ ದೂರು ಕೊಡಬೇಕು. ಈಗ ಬಾಕಿ ಇರುವುದು ಅವರ ಬ್ಯಾಂಕಿನ ಕಡೆ.

"ಮೊತ್ತ ವಾಪಸ್ ಮಾಡಲಾಗಿದೆ" ಅಂದರೆ ದಿನಾಂಕ ನೋಡಿ ಸ್ಟೇಟ್‌ಮೆಂಟ್‌ನಲ್ಲಿ ತಾಳೆ ಹಾಕಿ. ಸುತ್ತೋಲೆಯ ಪ್ರಕಾರ, ಪಡೆಯುವ ಬ್ಯಾಂಕಿನಿಂದ ದುಡ್ಡು ಬಂದ ದಿನವೇ ನಿಮ್ಮ ಬ್ಯಾಂಕು ಅದನ್ನು ನಿಮ್ಮ ಖಾತೆಗೆ ಹಾಕಬೇಕು.

ಕೆಲವೊಮ್ಮೆ ವಾಪಸ್ ಬಂದ ಕಾರಣವೂ ಹೇಳುತ್ತಾರೆ. ಖಾತೆ ಮುಚ್ಚಿದೆ, ಫ್ರೀಜ್ ಆಗಿದೆ, ಅಥವಾ ಅದು "ಸ್ಮಾಲ್ ಅಕೌಂಟ್". ಪೂರ್ತಿ ಕೆವೈಸಿ ಇಲ್ಲದೆ ತೆರೆದ ಈ ಖಾತೆಯಲ್ಲಿ ಒಮ್ಮೆಗೆ ₹50,000ಕ್ಕಿಂತ ಹೆಚ್ಚು ದುಡ್ಡು ಇರುವಂತಿಲ್ಲ, ವರ್ಷಕ್ಕೆ ಒಟ್ಟು ₹1 ಲಕ್ಷಕ್ಕಿಂತ ಹೆಚ್ಚು ಜಮಾ ಆಗುವಂತಿಲ್ಲ. ಇಂಥ ಕಾರಣ ಇದ್ದರೆ ಎಷ್ಟು ಸಲ ಕಳಿಸಿದರೂ ದುಡ್ಡು ವಾಪಸ್ಸೇ ಬರುತ್ತದೆ. ಸ್ಮಾಲ್ ಅಕೌಂಟ್ ಆಗಿದ್ದರೆ ಪಡೆಯುವವರು ಮೊದಲು ಕೆವೈಸಿ ಮಾಡಿಸಬೇಕು.

ಹಂತ 7: ದಿನಕ್ಕೆ ₹100 ಲೆಕ್ಕ

ಈ ಪರಿಹಾರವನ್ನು ಕೇಳುವುದಕ್ಕೆ ತುಂಬ ಜನ ಸಂಕೋಚಪಡುತ್ತಾರೆ. ಬೇಡ. ಗ್ರಾಹಕರು ದೂರು ಕೊಡಲಿ ಬಿಡಲಿ, ಬ್ಯಾಂಕು ತಾನಾಗಿಯೇ ಜಮಾ ಮಾಡಬೇಕು ಅಂತ ಸುತ್ತೋಲೆಯೇ ಹೇಳುತ್ತದೆ. ಅದು ನಿಮ್ಮ ಹಕ್ಕು.

ನಮ್ಮ ಉದಾಹರಣೆಯಲ್ಲಿ ದುಡ್ಡು ಮಾರ್ಚ್ 10ಕ್ಕೆ ವಾಪಸ್ ಬಂತು ಅಂದುಕೊಳ್ಳಿ. ಟಿ ಮಾರ್ಚ್ 3, ಟಿ+1 ಮಾರ್ಚ್ 4. ಅದರಾಚೆ 5ರಿಂದ 10ರವರೆಗೆ ಆರು ದಿನ, ₹600. ಮೊತ್ತ ₹500 ಆಗಿರಲಿ ₹50,000 ಆಗಿರಲಿ, ದಿನಕ್ಕೆ ನೂರು ನೂರೇ.

ಇದು ಭಾರತದ ಒಳಗಿನ ವ್ಯವಹಾರಗಳಿಗೆ ಮಾತ್ರ. ದುಬೈನಿಂದಲೋ ಅಮೆರಿಕದಿಂದಲೋ ಮಕ್ಕಳು ಊರಿಗೆ ಕಳಿಸಿದ ದುಡ್ಡು ತಡವಾದರೆ ಈ ನಿಯಮ ಅನ್ವಯಿಸುವುದಿಲ್ಲ. ನಿಮ್ಮ ತಪ್ಪಿನಿಂದ ಬೇರೆಯವರಿಗೆ ಹೋದದ್ದಕ್ಕೂ ಇಲ್ಲ.

ನೆಫ್ಟ್ ಆಗಿದ್ದರೆ

ನೆಫ್ಟ್‌ನಲ್ಲಿ ದುಡ್ಡು ಒಂದೊಂದಾಗಿ ಹೋಗುವುದಿಲ್ಲ. ಅರ್ಧ ಗಂಟೆಗೊಂದು ಬ್ಯಾಚ್, ದಿನಕ್ಕೆ 48. 2019ರ ಡಿಸೆಂಬರ್ 16ರಿಂದ ರಜೆ, ರಾತ್ರಿ ಅಂತ ಇಲ್ಲದೆ ನಡೆಯುತ್ತಿದೆ. ಬ್ಯಾಚ್ ಇತ್ಯರ್ಥವಾದ ಎರಡು ಗಂಟೆಯೊಳಗೆ ಪಡೆಯುವ ಬ್ಯಾಂಕು ಜಮಾ ಮಾಡಬೇಕು, ಆಗದಿದ್ದರೆ ಅಷ್ಟರೊಳಗೆ ವಾಪಸ್ ಕಳಿಸಬೇಕು. ಇಲ್ಲಿ ಹಿಡಿದುಕೊಳ್ಳಬೇಕಾದ್ದು ಯುಟಿಆರ್, ಅಕ್ಷರ ಅಂಕಿ ಸೇರಿ 16. ಅರ್ಜಿ ಅದೇ, ಆದರೆ ಸುತ್ತೋಲೆಯ ಸಾಲು ಬೇರೆ. ನೆಫ್ಟ್‌ಗೆ ದಿನಕ್ಕೆ ₹100 ಇಲ್ಲ. ತಡವಾದ ದಿನಗಳಿಗೆ ರೆಪೊ ದರಕ್ಕೆ 2% ಸೇರಿಸಿ ಬಡ್ಡಿ ಕೊಡಬೇಕು. ರೆಪೊ ದರ ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರ. ಅದು 6% ಇದ್ದಾಗ ₹50,000 ಹತ್ತು ದಿನ ತಡವಾದರೆ ಬಡ್ಡಿ ಸುಮಾರು ₹110 ಆಗುತ್ತದೆ.

ನೆಫ್ಟ್‌ನಲ್ಲಿ ಒಂದು ಅಪಾಯ ನೆನಪಿಡಿ. ಜಮಾ ಆಗುವುದು ಖಾತೆ ಸಂಖ್ಯೆ ನೋಡಿ, ಹೆಸರು ನೋಡಿ ಅಲ್ಲ. ಒಂದು ಅಂಕಿ ತಪ್ಪಿ, ಆ ಸಂಖ್ಯೆಯ ಖಾತೆ ಇಲ್ಲದೇ ಇದ್ದರೆ ದುಡ್ಡು ವಾಪಸ್ ಬರುತ್ತದೆ. ಅಂಥ ಖಾತೆ ಬೇರೆ ಯಾರದ್ದಾದರೂ ಇದ್ದರೆ ಅವರಿಗೆ ಹೋಗುತ್ತದೆ. ನೆಫ್ಟ್, ಆರ್‌ಟಿಜಿಎಸ್ ಮಾಡುವಾಗ ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೆ ಹೇಳಿದೆ. ಕಳಿಸುವ ಮುಂಚೆ ಆ ಹೆಸರನ್ನು ಓದಿ ನೋಡಿ.

ಹಂತ 8: ಬ್ಯಾಂಕು ಸುಮ್ಮನೆ ಕೂತರೆ

ಬ್ಯಾಂಕಿಗೆ ಬರೆದುಕೊಟ್ಟ ದಿನದಿಂದ 30 ದಿನ ಎಣಿಸಿ. ಅಷ್ಟರಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಒಂಬುಡ್ಸ್‌ಮನ್ ಅಂದರೆ ಬ್ಯಾಂಕ್ ಮತ್ತು ಗ್ರಾಹಕರ ತಕರಾರು ಬಗೆಹರಿಸುವ ಅಧಿಕಾರಿ. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ.

ದೂರು ಹಾಕುವುದು cms.rbi.org.in ನಲ್ಲಿ. ಫೋನಿಗೆ ಒಟಿಪಿ ಬರುತ್ತದೆ. ಬ್ಯಾಂಕಿನ ಹೆಸರು ಆರಿಸಿ, ಬ್ಯಾಂಕಿಗೆ ಕೊಟ್ಟ ದೂರಿನ ದಿನಾಂಕ ತುಂಬಿ, ಸೀಲು ಇರುವ ಪ್ರತಿ ಅಥವಾ ಇಮೇಲ್, ಸ್ಟೇಟ್‌ಮೆಂಟ್ ಮತ್ತು ಬ್ಯಾಂಕಿನ ಉತ್ತರ ಇದ್ದರೆ ಅದನ್ನೂ ಸೇರಿಸಬೇಕು. ತುಂಬುವುದು ಗೊತ್ತಾಗದಿದ್ದರೆ 14448ಕ್ಕೆ ಕರೆ ಮಾಡಿ ಕೇಳಬಹುದು, ಕನ್ನಡದಲ್ಲೂ ಮಾತಾಡುತ್ತಾರೆ. ಕೈಯಲ್ಲಿ ಬರೆದ ದೂರನ್ನು ಚಂಡೀಗಢದಲ್ಲಿರುವ ರಿಸರ್ವ್ ಬ್ಯಾಂಕಿನ ದೂರು ಸ್ವೀಕಾರ ಕೇಂದ್ರಕ್ಕೆ ಅಂಚೆಯಲ್ಲೂ ಕಳಿಸಬಹುದು.

ಇಲ್ಲಿ ದೂರುಗಳು ಬಿದ್ದುಹೋಗುವುದಕ್ಕೆ ಎರಡು ಕಾರಣ ನೋಡಿದ್ದೇನೆ. ಒಂದು, ಬ್ಯಾಂಕಿಗೆ ಬರೆಯದೆ ನೇರವಾಗಿ ಇಲ್ಲಿಗೆ ಬರುವುದು. ಆ್ಯಪ್‌ಗೆ ಕೊಟ್ಟ ದೂರು ಬ್ಯಾಂಕಿಗೆ ಕೊಟ್ಟ ದೂರು ಅಂತ ಲೆಕ್ಕ ಆಗುತ್ತದೆ ಅಂದುಕೊಂಡು ಹೋದವರು ಇದರಲ್ಲಿ ಜಾಸ್ತಿ. ಎರಡು, 30 ದಿನ ಆಗುವ ಮೊದಲೇ, ಉತ್ತರವೂ ಬರುವ ಮೊದಲೇ ಹಾಕುವುದು. ಹಾಗಂತ ತಿಂಗಳುಗಟ್ಟಲೆ ಬಿಡಲೂ ಬೇಡಿ, ಇದಕ್ಕೂ ಕಾಲಮಿತಿ ಇದೆ. 31ನೇ ದಿನವೇ ಹಾಕಿಬಿಡಿ.

ನಮ್ಮ ಹಾಸನದ ತಾಯಿಗೆ ಇಲ್ಲಿಯ ತನಕ ಬರುವ ಅಗತ್ಯ ಬೀಳುವುದಿಲ್ಲ ಅಂದುಕೊಳ್ಳೋಣ. ಮಾರ್ಚ್ 6ಕ್ಕೆ ಅರ್ಜಿ ಕೊಟ್ಟರು, ಮಗಳು ಧಾರವಾಡದಲ್ಲಿ ತನ್ನ ಬ್ಯಾಂಕಿಗೆ ಹೋದಳು, 10ಕ್ಕೆ ₹18,500 ವಾಪಸ್ ಬಂತು. ₹600 ಮಾತ್ರ ಬರಲಿಲ್ಲ. ಹೀಗಾದಾಗ ದೂರು ಮುಗಿಯಿತು ಅಂತ ಬ್ಯಾಂಕಿನಿಂದ ಮೆಸೇಜ್ ಬಂದಿರುತ್ತದೆ. ಅದಕ್ಕೆ ಅವರು ಬರೆಯಬೇಕಾದ್ದು ಎರಡೇ ಸಾಲು: "ಮೂಲ ಮೊತ್ತ 10-03-2025ರಂದು ಬಂದಿದೆ. ನನ್ನ ಅರ್ಜಿಯ ಮೂರನೇ ಅಂಶದಂತೆ 5ರಿಂದ 10ರವರೆಗಿನ ಆರು ದಿನಕ್ಕೆ ₹600 ಬಾಕಿ ಇದೆ, ಜಮಾ ಮಾಡಿ."